ಒಂದೇ ಸಲದ ಗುಪ್ತಸಂಖ್ಯೆ

ಪುಸ್ತಕದಂಗಡಿಯೊಂದರ ಆ್ಯಪ್‌ ಪ್ರವೇಶಿಸಲು ಗ್ರಾಹಕನ ಮೊಬೈಲಿಗೆ ಆರಂಕಿಯ ಒ.ಟಿ.ಪಿ., ಅಂದರೆ ಒಂದೇ ಸಲ ಬಳಸುವ ಗುಪ್ತಸಂಖ್ಯೆಯು, ಎಸ್ಸೆಮ್ಮೆಸ್ ಆಗಿ ಬರುತ್ತದೆ. ಪ್ರತಿಯೊಂದು ಎಸ್ಸೆಮ್ಮೆಸ್‌ಗೂ ಅಂಗಡಿಯು ಹಣ ತೆರಬೇಕು. ದಟ್ಟಣೆಯಿದ್ದಾಗ ಸಂದೇಶವು ತಡವಾಗುವುದುಂಟು. ತಾಳ್ಮೆಗೆಟ್ಟ ಗ್ರಾಹಕನು ‘ಮತ್ತೆ ಕಳುಹಿಸಿ’ ಎಂಬುದನ್ನು ಎರಡು ಬಾರಿ ಒತ್ತಿದನೆಂದು ಭಾವಿಸಿರಿ. ಒಟ್ಟು ಮೂರು ಬೇರೆ ಬೇರೆ ಸಂಖ್ಯೆಗಳು ಹೊರಟವು. ಮೊದಲನೆಯದು ಕೈಸೇರಿದೊಡನೆ ಅವನು ಅದನ್ನು ನಮೂದಿಸಿದನು. ಆದರೆ ಮೂರನೆಯದಕ್ಕೆ ಮಾತ್ರ ಮಾನ್ಯತೆಯಿದ್ದುದರಿಂದ ಅದು ತಿರಸ್ಕೃತವಾಯಿತು. ವೆಚ್ಚ ಮೂರು ಪಟ್ಟಾಯಿತು. ಪ್ರವೇಶ ಮಾತ್ರ ದೊರೆಯಲಿಲ್ಲ.

ಐದು ನಿಮಿಷಗಳ ಅವಧಿಯೊಳಗೆ ಮತ್ತೆ ಕೇಳಿದರೂ ಮೊದಲಿನ ಸಂಖ್ಯೆಯನ್ನೇ ಕಳುಹಿಸಿದರೆ, ಯಾವ ಸಂದೇಶ ಮೊದಲು ತಲುಪಿದರೂ ಅಡ್ಡಿಯಿಲ್ಲ. ಮರುಕೋರಿಕೆಗೆ ಮುನ್ನ 30 ಸೆಕೆಂಡು ಕಾಯಿಸಿದರೆ ವ್ಯರ್ಥ ಸಂದೇಶಗಳು ತಗ್ಗುತ್ತವೆ. ಆದರೆ ಐದು ಸಲ ತಪ್ಪು ನಮೂದಾದೊಡನೆ ಆ ಸಂಖ್ಯೆಯನ್ನು ರದ್ದುಗೊಳಿಸಬೇಕು. ಇಲ್ಲವಾದರೆ ಊಹಿಸಿ ಒಳನುಗ್ಗುವವರಿಗೆ ಅವಕಾಶವಾದೀತು.