‘ಸ್ವಲ್ಪ ಚಿಕ್ಕದು ಮಾಡಿ’ ಅಂದರೆ ಯಾವುದನ್ನು?

ಚಂದಾಪುರ ಸರ್ಕಲ್ಲಿನ ಸುತ್ತಮುತ್ತ ಜೆರಾಕ್ಸ್, ಟೈಪಿಂಗ್, ಡಿಟಿಪಿ ಅಂಗಡಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಕೂತಿರುವ ಹುಡುಗ ಹುಡುಗಿಯರಿಗೆ ಈ ಮಾತು. ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರಿಗೆ ಅಂಗಡಿಗೆ ಬಂದು ನಿಲ್ಲಲು ಪುರುಸೊತ್ತಿಲ್ಲ. ಬಸ್ಸಿನಲ್ಲಿ ಕೂತೇ ನಾಲ್ಕು ಬರಹಗಳನ್ನು ಒಂದರ ಹಿಂದೆ ಒಂದರಂತೆ ವಾಟ್ಸಾಪಿಗೆ ಹಾಕಿ, ಕೊನೆಗೆ ‘ಸ್ವಲ್ಪ ಚಿಕ್ಕದು ಮಾಡಿ’ ಅಂತ ಒಂದು ಸಾಲು ಕಳಿಸಿಬಿಡುತ್ತಾರೆ. ಯಾವುದನ್ನು ಅನ್ನುವುದನ್ನು ಕಂಡುಕೊಳ್ಳಬೇಕಾದವರು ನೀವು. ಒಂದೇ ಉದಾಹರಣೆ ಇಟ್ಟುಕೊಂಡು ಅದನ್ನು ಕಂಡುಕೊಳ್ಳುವ ಬಗೆ ಹೇಳುತ್ತೇನೆ.

ಒಬ್ಬ ಗಿರಾಕಿ ಕಳಿಸಿದ್ದು ಇವು ಅಂದುಕೊಳ್ಳಿ. ಮೊದಲನೆಯದು, ಚರಂಡಿ ಕಟ್ಟಿಕೊಂಡಿದೆ ಅಂತ ಬಡಾವಣೆಯವರು ಹಿಂದೆ ಕೊಟ್ಟ ಮನವಿ. ಎರಡನೆಯದು, ‘ಕಾಮಗಾರಿಯನ್ನು ಕ್ರಿಯಾ ಯೋಜನೆಯಲ್ಲಿ ಸೇರಿಸಲಾಗಿದೆ’ ಅಂತ ಕಚೇರಿ ಕೊಟ್ಟ ಹಿಂಬರಹ. ಮೂರನೆಯದು, ಅದೇ ಕಾಮಗಾರಿಯ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ. ನಾಲ್ಕನೆಯದು, ‘ಭಾನುವಾರ ಎಲ್ಲರೂ ಸಹಿ ಹಾಕಲು ಬನ್ನಿ’ ಅಂತ ಬಡಾವಣೆಯ ಗುಂಪಿಗೆ ಹಾಕಿದ ಸಂದೇಶ. ಇವೆಲ್ಲದರ ಕೆಳಗೆ: ‘ಸರ್, ಇದನ್ನ ಸ್ವಲ್ಪ ಚಿಕ್ಕದು ಮಾಡಿ. ನಾಳೆ ಬೆಳಿಗ್ಗೆ ಕೊಡ್ಬೇಕು.’

• ಕೊನೆಯದನ್ನೇ ಹಿಡಿದು ಹೊರಡಬೇಡಿ. ‘ಇದನ್ನ’ ಅಂದ ಕೂಡಲೇ ಕಣ್ಣು ಅದರ ಮೇಲಿನ ಬರಹಕ್ಕೆ ಹೋಗುವುದು ಸಹಜ. ಒಂದೇ ಬರಹದ ಹಳೆಯ ಪ್ರತಿ, ತಿದ್ದಿದ ಪ್ರತಿ ಎರಡನ್ನೂ ಕಳಿಸಿದ್ದರೆ ಬಹುತೇಕ ಕೊನೆಯದೇ ಸರಿ, ಯಾಕೆಂದರೆ ತಿದ್ದಿದ್ದನ್ನೇ ಜನ ಆಮೇಲೆ ಕಳಿಸುತ್ತಾರೆ. ಆದರೆ ನಮ್ಮ ಉದಾಹರಣೆಯಲ್ಲಿ ನಾಲ್ಕೂ ಬೇರೆ ಬೇರೆ ಜಾತಿಯವು, ಕೊನೆಯದು ಬರೀ ಮೂರು ಸಾಲು. ಅದರಲ್ಲಿ ಚಿಕ್ಕದು ಮಾಡಲು ಏನೂ ಇಲ್ಲ. ಗಿರಾಕಿ ಫೋನಿನಲ್ಲಿ ಸಿಕ್ಕ ಸಿಕ್ಕ ಕ್ರಮದಲ್ಲಿ ಆರಿಸಿ ಕಳಿಸಿರುತ್ತಾರೆ, ಆ ಕ್ರಮಕ್ಕೆ ಅರ್ಥ ಇರಲೇಬೇಕು ಅಂತಿಲ್ಲ.

• ಯಾವುದನ್ನು ಮುಟ್ಟುವ ಹಕ್ಕು ಗಿರಾಕಿಗಿದೆ ಅಂತ ನೋಡಿ. ಹಿಂಬರಹ ಕಚೇರಿಯದು. ಅದರ ಒಂದಕ್ಷರವನ್ನೂ ನಾವು ಕಡಿಮೆ ಮಾಡುವಂತಿಲ್ಲ, ಅದನ್ನು ಲಗತ್ತಿಸಬಹುದು ಅಷ್ಟೆ. ಹಳೆಯ ಮನವಿ ಈಗಾಗಲೇ ಕೊಟ್ಟಾಗಿದೆ, ಸ್ವೀಕೃತಿ ಮೊಹರು ಬಿದ್ದಿದೆ. ಅದನ್ನು ಬದಲಿಸಿದರೆ ಕಚೇರಿಯಲ್ಲಿರುವ ಪ್ರತಿಗೂ ನಮ್ಮ ಪ್ರತಿಗೂ ತಾಳೆಯಾಗುವುದಿಲ್ಲ. ಗುಂಪಿನ ಸಂದೇಶವೂ ಹೋಗಿಯಾಗಿದೆ. ಇನ್ನೂ ಕೈಯಲ್ಲಿ ಉಳಿದಿರುವುದು ಮೂರನೆಯದು ಮಾತ್ರ. ಅದರ ಕೆಳಗೆ ದಿನಾಂಕದ ಜಾಗ ಖಾಲಿ, ಸಹಿಯ ಜಾಗ ಖಾಲಿ. ಮುಗಿಯದ ಬರಹವನ್ನೇ ಜನ ತಿದ್ದಲು ಕೊಡುತ್ತಾರೆ.

ಹಲವು ಸಂದೇಶಗಳನ್ನು ಒಟ್ಟಿಗೆ ಕಾಪಿ ಮಾಡಿ ಅಂಟಿಸಿದಾಗ ವಾಟ್ಸಾಪ್ ಪ್ರತಿಯೊಂದರ ಮುಂದೆ ದಿನಾಂಕ, ಸಮಯ, ಕಳಿಸಿದವರ ಹೆಸರು ಸೇರಿಸುತ್ತದೆ. ಅದನ್ನು ಕಸ ಅಂತ ಅಳಿಸುವ ಮುಂಚೆ ಓದಿ. ಯಾವುದು ಗಿರಾಕಿಯ ಸ್ವಂತ ಬರಹ, ಯಾವುದು ಬೇರೆಯವರದು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

• ಯಾವುದಕ್ಕೆ ಮಿತಿ ಇದೆ ಅಂತ ಯೋಚಿಸಿ. ಸುಮ್ಮನೆ ಯಾರೂ ಚಿಕ್ಕದು ಮಾಡಿ ಅನ್ನುವುದಿಲ್ಲ, ಎಲ್ಲೋ ಒಂದು ಅಳತೆ ಅಡ್ಡ ಬಂದಿರುತ್ತದೆ. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಿಗೆ 2008ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಾಜ್ಯದ ಕಚೇರಿಗೆ ಕೊಡುವ ಅರ್ಜಿ 150 ಪದಗಳನ್ನು ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ನಮ್ಮ ಗಿರಾಕಿಯ ಅರ್ಜಿ ಅದನ್ನು ದಾಟಿದೆ. ‘ಕೊಡ್ಬೇಕು’ ಅನ್ನುವ ಮಾತೂ ಅದಕ್ಕೇ ಹೊಂದುತ್ತದೆ, ಏಕೆಂದರೆ ನಾಲ್ಕರಲ್ಲಿ ಇನ್ನು ಕೊಡಬೇಕಾಗಿರುವುದು ಅದೊಂದೇ. ಮೂರು ಗುರುತು ಒಂದೇ ಕಡೆ ಬೆರಳು ತೋರಿಸಿದ ಮೇಲೆ ಅನುಮಾನ ಬೇಡ.

ಅರ್ಜಿ ಯಾವ ಕಚೇರಿಗೆ ಅನ್ನುವುದನ್ನೂ ನೋಡಿಕೊಳ್ಳಿ. ರೈಲ್ವೆ, ಅಂಚೆಯಂಥ ಕೇಂದ್ರದ ಕಚೇರಿಗಳಿಗೆ 2012ರ ಕೇಂದ್ರ ನಿಯಮದಲ್ಲಿ ಮಿತಿ 500 ಪದ. ಹೀಲಲಿಗೆ ರೈಲು ನಿಲ್ದಾಣದ ಬಗ್ಗೆ ಕೇಳುವ ಅರ್ಜಿಯನ್ನು 150ಕ್ಕೆ ಕತ್ತರಿಸಿ ಬಡಕಲು ಮಾಡಬೇಕಾಗಿಲ್ಲ.

• ಚಿಕ್ಕದು ಅಂದರೆ ಎಂಥ ಚಿಕ್ಕದು ಅಂತಲೂ ತಿಳಿದುಕೊಳ್ಳಿ. ನಮ್ಮಲ್ಲಿಗೆ ಬರುವವರಲ್ಲಿ ಕಲಬುರಗಿ, ರಾಯಚೂರಿನ ಕಡೆಯವರೂ ಇದ್ದಾರೆ, ಕೋಲಾರದವರೂ ಇದ್ದಾರೆ. ‘ಸಣ್ಣದ್ ಮಾಡ್ರಿ’ ಅಂದವರಿಗೆ ಬೇಕಾಗಿರುವುದು ಕಡಿಮೆ ಪದಗಳೋ, ಸಣ್ಣ ಅಕ್ಷರವೋ, ಎರಡು ಪುಟ ಒಂದು ಪುಟವಾಗುವುದೋ, ಅಪ್‌ಲೋಡ್ ಆಗದ ಪಿಡಿಎಫ್ ಕೆಬಿ ಕಡಿಮೆಯಾಗುವುದೋ? ಬಂದಿರುವುದು ಬರಹವಾದರೆ ಪದ, ಸ್ಕ್ಯಾನ್ ಮಾಡಿದ ಫೈಲಾದರೆ ಕೆಬಿ ಅಂತ ಮೊದಲು ಊಹಿಸಬಹುದು. ಬರಹವೂ ಫೈಲೂ ಒಟ್ಟಿಗೆ ಬಂದಿದ್ದರೆ ಕೇಳಿಯೇ ಮುಂದುವರಿಯಿರಿ.

• ಕೇಳುವಾಗ ನಿಮ್ಮ ಊಹೆಯನ್ನು ಮುಂದಿಟ್ಟು ಕೇಳಿ. ‘ಯಾವುದು ಸರ್?’ ಅಂದರೆ ಅವರು ‘ಅದೇ, ಕಳಿಸಿದ್ನಲ್ಲ’ ಅನ್ನುತ್ತಾರೆ, ನೀವು ಮೊದಲಿದ್ದಲ್ಲೇ ಇರುತ್ತೀರಿ. ಹೀಗೆ ಕೇಳಿ: ‘ಸರ್, ಮಾಹಿತಿ ಹಕ್ಕಿನ ಅರ್ಜಿ ತಾನೆ ಚಿಕ್ಕದು ಮಾಡೋದು? ಮನವಿ, ಹಿಂಬರಹ ಹಾಗೇ ಇಡ್ತೀನಿ.’ ಇದಕ್ಕೆ ‘ಹೂಂ’ ಅಂದರೆ ಸಾಕು. ಆ ಸಂದೇಶವನ್ನೇ ಬಲಕ್ಕೆ ಎಳೆದು ಅದಕ್ಕೇ ಉತ್ತರಿಸಿದರೆ ಯಾವುದರ ಬಗ್ಗೆ ಕೇಳುತ್ತಿದ್ದೀರಿ ಅಂತ ಅವರಿಗೂ ಕಾಣುತ್ತದೆ.

ಎಷ್ಟೋ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಯುವವರೆಗೆ ಫೋನ್ ಲಾಕರಿನಲ್ಲಿರುತ್ತದೆ, ಉತ್ತರ ಬರುವುದಿಲ್ಲ. ಆಗ ತಪ್ಪಾದರೆ ಏನು ನಷ್ಟ ಅಂತ ಅಳೆಯಿರಿ. ಬರೀ ಅರ್ಧ ಗಂಟೆಯ ಕೆಲಸ ವ್ಯರ್ಥವಾಗುವುದಾದರೆ ನಿಮ್ಮ ಊಹೆಯಂತೆ ಮಾಡಿ ಇಡಿ, ಕಳಿಸುವಾಗ ‘ಮೂರನೆಯ ಬರಹ, ಅಂದರೆ ಅರ್ಜಿಯನ್ನು ಚಿಕ್ಕದು ಮಾಡಿದ್ದೇನೆ’ ಅಂತ ಮೇಲೆಯೇ ಬರೆಯಿರಿ. ಅಫಿಡವಿಟ್ ಥರದ ಛಾಪಾ ಕಾಗದದ ಕೆಲಸವಾದರೆ ಉತ್ತರ ಬರುವವರೆಗೆ ಪ್ರಿಂಟ್ ಕೊಡಬೇಡಿ.

• ಉಳಿದ ಬರಹಗಳನ್ನು ಬದಿಗಿಡಿ, ಎಸೆಯಬೇಡಿ. ಗಿರಾಕಿ ಅವನ್ನು ಕಳಿಸಿದ್ದಕ್ಕೂ ಕಾರಣ ಇರುತ್ತದೆ. ಅರ್ಜಿಯಲ್ಲಿದ್ದ ಈ ವಾಕ್ಯ ನೋಡಿ:

‘ನಮ್ಮ ಬಡಾವಣೆಯ ಮೂರನೇ ಅಡ್ಡರಸ್ತೆಯಲ್ಲಿ ಕಳೆದ ಹಲವು ತಿಂಗಳುಗಳಿಂದ ಚರಂಡಿ ಕಟ್ಟಿಕೊಂಡು ಕೊಳಚೆ ನೀರು ರಸ್ತೆಗೆ ಹರಿಯುತ್ತಿದ್ದು, ಈ ಬಗ್ಗೆ ತಮಗೆ ಮನವಿ ನೀಡಿದ್ದರೂ ಸಹ ಇದುವರೆಗೆ ಯಾವುದೇ ಕ್ರಮ ಆಗಿರುವುದಿಲ್ಲವಾದ್ದರಿಂದ ಸದರಿ ಕಾಮಗಾರಿಗೆ ಸಂಬಂಧಿಸಿದ ಎಲ್ಲಾ ಮಾಹಿತಿಯನ್ನು ಒದಗಿಸಬೇಕಾಗಿ ಕೋರುತ್ತೇನೆ.’

ಇದು 30 ಪದ. ಇದರ ಕೆಳಗೆ ಅಂದಾಜು ಪಟ್ಟಿ, ಕಾರ್ಯಾದೇಶ ಬೇಕು ಅಂತ ಅವರೇ ಬರೆದಿದ್ದಾರೆ. ದೂರಿನ ಕಥೆ ಮನವಿಯಲ್ಲಿ ಇದ್ದೇ ಇದೆ, ಅರ್ಜಿಗೆ ಅದು ಬೇಡ. ಆದ್ದರಿಂದ ‘ಮೂರನೇ ಅಡ್ಡರಸ್ತೆಯ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಕಾರ್ಯಾದೇಶದ ದೃಢೀಕೃತ ಪ್ರತಿ ಒದಗಿಸಿ’ ಅಂದರೆ 11 ಪದಕ್ಕೆ ಮುಗಿಯಿತು.

ಆದರೆ ‘ನಮ್ಮ ಬಡಾವಣೆ’ ಅನ್ನುವುದು ಇಲ್ಲಿ ಬಿದ್ದುಹೋಯಿತು. ಯಾವ ಬಡಾವಣೆಯ ಮೂರನೇ ಅಡ್ಡರಸ್ತೆ ಅಂತ ಕಚೇರಿಯವರು ಕೇಳಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆ ಹೆಸರು ಮೊದಲನೆಯ ಬರಹದಲ್ಲಿದೆ, ಹಿಂಬರಹದ ಸಂಖ್ಯೆ ಮತ್ತು ದಿನಾಂಕ ಎರಡನೆಯದರಲ್ಲಿದೆ. ಅವೆರಡನ್ನು ತಂದು ಸೇರಿಸಿ. ಹೆಸರು, ಸಂಖ್ಯೆ, ದಿನಾಂಕ ಬಿಟ್ಟು ಬೇರೆ ಏನನ್ನೂ ತರಬೇಡಿ. ಮನವಿಯ ಆಕ್ಷೇಪದ ಮಾತು ಅರ್ಜಿಗೆ ನುಸುಳಿದರೆ ಅದು ಮಾಹಿತಿ ಕೇಳುವ ಅರ್ಜಿಯಾಗಿ ಉಳಿಯದೆ ಮತ್ತೊಂದು ದೂರಾಗಿಬಿಡುತ್ತದೆ.

• ವಿಷಯವನ್ನೇ ಬಿಡಬೇಕಾಗಿ ಬಂದರೆ ಗಿರಾಕಿಗೆ ಹೇಳಿ ಬಿಡಿ. ಅದೇ ಅರ್ಜಿಯ ಕೊನೆಯಲ್ಲಿ ಬೀದಿ ದೀಪದ ಬಿಲ್ಲುಗಳ ಪ್ರತಿಯನ್ನೂ ಕೇಳಿದ್ದಾರೆ. ಅದು ಎರಡನೆಯ ವಿಷಯ. ಎರಡು ವಿಷಯ ಕೇಳಿದರೆ ಅಧಿಕಾರಿ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡಬಹುದು ಅಂತ ಕರ್ನಾಟಕದ ಅದೇ ನಿಯಮ ಹೇಳುತ್ತದೆ. ಹಾಗಂತ ನೀವಾಗಿಯೇ ಆ ಸಾಲನ್ನು ಅಳಿಸಬೇಡಿ. ‘ದೀಪದ್ದು ಬೇರೆ ಅರ್ಜಿ ಮಾಡಬೇಕು, ಇನ್ನೊಂದು ಹತ್ತು ರೂಪಾಯಿ ಶುಲ್ಕ ಆಗುತ್ತೆ, ಮಾಡಲಾ?’ ಅಂತ ಕೇಳಿ. ಮಾತು ಕಡಿಮೆ ಮಾಡುವುದು ನಿಮ್ಮ ಕೆಲಸ, ಬೇಡಿಕೆ ಕಡಿಮೆ ಮಾಡುವುದು ಅವರಿಗೆ ಬಿಟ್ಟಿದ್ದು.

ಪದ ಎಣಿಸುವ ಚಾತುರ್ಯವೂ ಬೇಡ. ಕಂಪ್ಯೂಟರ್ ಎಣಿಸುವುದು ನಡುವಿನ ಜಾಗವನ್ನು ನೋಡಿ. ‘ಅಂದಾಜು ಪಟ್ಟಿ’ಯನ್ನು ‘ಅಂದಾಜುಪಟ್ಟಿ’ ಅಂತ ಅಂಟಿಸುತ್ತಾ ಹೋದರೆ ಪರದೆಯ ಮೇಲಿನ ಸಂಖ್ಯೆ ಇಳಿಯುತ್ತದೆ, ಓದುವವರ ಕಷ್ಟ ಏರುತ್ತದೆ.

• ನಿಜವಾಗಿಯೂ ಎಲ್ಲವನ್ನೂ ಹೇಳಿರಬಹುದು, ಅದನ್ನೂ ಗುರುತಿಸಿ. ಕಾರ್ಖಾನೆಯೊಂದರಿಂದ ಶಿಫ್ಟ್ ಬದಲಾವಣೆ, ಕ್ಯಾಂಟೀನ್ ಸಮಯ, ಬಸ್ ಹೊರಡುವ ಸಮಯ ಅಂತ ಮೂರು ಸೂಚನೆ ಬಂದು, ‘ಒಂದೇ ಪೇಜಿಗೆ ಬರೋ ಹಾಗೆ ಚಿಕ್ಕದು ಮಾಡಿ’ ಅಂದಿದ್ದರೆ ಮೂರೂ ಸೇರಿ ಒಂದೇ ಕೆಲಸ. ‘ಎಲ್ಲಾ’, ‘ಸೇರಿಸಿ’, ‘ಒಂದೇ ಪೇಜ್’ ಈ ಮಾತುಗಳು ಅದರ ಗುರುತು. ಮೂರೂ ಒಂದೇ ಜಾತಿಯವು, ಹೆಚ್ಚು ಕಡಿಮೆ ಒಂದೇ ಉದ್ದದವು ಅನ್ನುವುದು ಇನ್ನೊಂದು ಗುರುತು. ಅದೇ ಸೂಚನೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಂದಿದ್ದರೆ ಒಂದನ್ನು ಮಾತ್ರ ಮೊಟಕು ಮಾಡಬೇಡಿ. ಗೋಡೆಯ ಮೇಲೆ ಪಕ್ಕಪಕ್ಕ ಅಂಟಿಸಿದಾಗ ಎರಡೂ ಒಂದನ್ನೇ ಹೇಳಬೇಕು.

• ಮೂಲವನ್ನು ಹಾಗೇ ಉಳಿಸಿ. ಬಂದ ಬರಹಗಳನ್ನೆಲ್ಲ ಮೊದಲು ಒಂದು ಫೈಲಿಗೆ ಹಾಕಿ, ಒಂದು, ಎರಡು, ಮೂರು, ನಾಲ್ಕು ಅಂತ ಸಂಖ್ಯೆ ಕೊಟ್ಟು ಇಡಿ. ಚಿಕ್ಕದು ಮಾಡುವುದನ್ನು ಬೇರೆ ಫೈಲಿನಲ್ಲಿ ಮಾಡಿ. ನಿಮ್ಮ ಊಹೆ ತಪ್ಪಿದ್ದರೆ ‘ಹಾಗಾದರೆ ಒಂದನೆಯದಾ?’ ಅಂತ ಒಂದೇ ಮಾತಿನಲ್ಲಿ ಸರಿಪಡಿಸಿಕೊಳ್ಳಬಹುದು, ಗಿರಾಕಿ ಮತ್ತೆ ಕಳಿಸುವ ಕಷ್ಟ ತಪ್ಪುತ್ತದೆ.

ಅರ್ಜಿ ಕಚೇರಿಗೆ ಸೇರಿದ ಮೇಲೆ ಉತ್ತರಕ್ಕೆ ಕಾನೂನು ಕೊಡುವ ಅವಧಿ 30 ದಿನ. ತಪ್ಪು ಕಾಗದ ಚಿಕ್ಕದಾಗಿ, ಉದ್ದದ ಅರ್ಜಿ ಹಾಗೇ ಹೋಗಿ ತಕರಾರಾದರೆ ಆ 30 ದಿನ ಹೋಗುವುದು ಚರಂಡಿಯ ಪಕ್ಕ ಬದುಕುವವರದು. ಆದ್ದರಿಂದ ಕತ್ತರಿ ಹಾಕುವ ಮುಂಚೆ ಯಾರದು, ಎಲ್ಲಿಗೆ ಹೋಗುವುದು, ಎಷ್ಟಕ್ಕೆ ಮಿತಿ ಅನ್ನುವ ಮೂರನ್ನು ನೋಡಿ. ಆಮೇಲೂ ಅನುಮಾನ ಉಳಿದರೆ ನಾಚಿಕೆ ಪಡದೆ ಒಂದು ಮಾತು ಕೇಳಿ.