ಎರಡು ಚಿನ್ನದ ನಾಣ್ಯ ಕಲಿಸಿದ ಬಡ್ಡಿ ಲೆಕ್ಕ

2020ರ ಆಗಸ್ಟ್‌ನಲ್ಲಿ ಹತ್ತತ್ತು ಗ್ರಾಂನ ಎರಡು ಚಿನ್ನದ ನಾಣ್ಯ ಕೊಂಡೆ. ಹತ್ತು ಗ್ರಾಂಗೆ 55 ಸಾವಿರ ರೂಪಾಯಿ ದಾಟಿತ್ತು. ಎಲ್ಲರೂ ಕೊಳ್ಳುತ್ತಿದ್ದರು, ನಾನೂ ಕೊಂಡೆ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಆಮೇಲೆ ತಪ್ಪುತ್ತಾ ತಪ್ಪುತ್ತಾ ತಿಳಿದದ್ದು ಇಷ್ಟು.

1. ಬಡ್ಡಿ ಎಷ್ಟು ಬಂತು ಅನ್ನುವುದಲ್ಲ, ಎಷ್ಟು ಉಳಿಯಿತು ಅನ್ನುವುದು ಲೆಕ್ಕ

ಬಹಳ ವರ್ಷ ನಾನು ಎಫ್‌ಡಿ ರಸೀದಿಯ ಮೇಲಿನ ಅಂಕಿಯನ್ನೇ ಲಾಭ ಅಂದುಕೊಂಡಿದ್ದೆ. ಒಂದು ಲಕ್ಷ ಇಟ್ಟರೆ ಶೇ 5.5ರಂತೆ ವರ್ಷಕ್ಕೆ 1,05,500 ರೂಪಾಯಿ ಕೈಗೆ ಬರುತ್ತದೆ. ಆದರೆ ಕಳೆದ ವರ್ಷ ಒಂದು ಲಕ್ಷಕ್ಕೆ ಬರುತ್ತಿದ್ದ ಅಕ್ಕಿ, ಬೇಳೆ, ಎಣ್ಣೆಗೆ ಈಗ 1,06,000 ಬೇಕು ಎಂದರೆ ನಾನು 500 ರೂಪಾಯಿ ಕಳೆದುಕೊಂಡಿದ್ದೇನೆ. ಬಡ್ಡಿಯಲ್ಲಿ ಹಣದುಬ್ಬರ ಕಳೆದು ಉಳಿಯುವುದೇ ನೈಜ ಬಡ್ಡಿದರ. ಇಲ್ಲಿ ಅದು ಮೈನಸ್ 0.5. ಚಿನ್ನ ಬೀರುವಿನಲ್ಲಿ ಕೂತು ಒಂದು ಪೈಸೆ ಬಡ್ಡಿಯನ್ನೂ ಕೊಡುವುದಿಲ್ಲ. ಠೇವಣಿಯಲ್ಲಿ ಹಣ ಕರಗುವಾಗ ಆ ಸೊನ್ನೆಯೇ ವಾಸಿ ಅನ್ನಿಸಿ ಜನ ಚಿನ್ನದ ಕಡೆ ವಾಲುತ್ತಾರೆ. ಅದೇ ಬಡ್ಡಿ ಶೇ 8, ಹಣದುಬ್ಬರ ಶೇ 5 ಇದ್ದರೆ? ಆಗ ಒಂದು ಲಕ್ಷದ ಚಿನ್ನ ಇಟ್ಟುಕೊಂಡವರು ವರ್ಷಕ್ಕೆ ಮೂರು ಸಾವಿರದಷ್ಟು ನಿಜವಾದ ಗಳಿಕೆಯನ್ನು ಬಿಟ್ಟುಕೊಟ್ಟಂತೆ. ಚಿನ್ನದ ಬಾಡಿಗೆ ಅದು.

2. ಮಟ್ಟ ನೋಡಿದೆ, ದಿಕ್ಕು ನೋಡಲಿಲ್ಲ

ಮೊದಲಿಗೆ ನಮ್ಮ ಬ್ಯಾಂಕಿನ ಬೋರ್ಡ್ ಮೇಲಿನ ದರ ನೋಡಿಯೇ ಚಿನ್ನದ ಗತಿ ಊಹಿಸುತ್ತಿದ್ದೆ. ಆದರೆ ಚಿನ್ನದ ಬೆಲೆ ಜಗತ್ತಿನಲ್ಲೆಲ್ಲ ಡಾಲರಿನಲ್ಲಿ ಕುದುರುತ್ತದೆ. ದೊಡ್ಡ ಹೂಡಿಕೆದಾರರು ಅದನ್ನು ಅಮೆರಿಕ ಸರ್ಕಾರದ ಸಾಲಪತ್ರದ ಜೊತೆ ತೂಗಿ ನೋಡುತ್ತಾರೆ. ಅದರಲ್ಲಿ ‘ಟಿಪ್ಸ್’ ಎಂಬುದೊಂದಿದೆ. ಹಣದುಬ್ಬರ ಏರಿದಂತೆ ಅದರ ಅಸಲೂ ಏರುತ್ತದೆ, ಹಾಗಾಗಿ ಅದರ ಇಳುವರಿಯೇ ನೈಜ ಬಡ್ಡಿದರ. ನಾನು ನಾಣ್ಯ ಕೊಂಡಾಗ ಹತ್ತು ವರ್ಷದ ಟಿಪ್ಸ್ ಇಳುವರಿ ಸುಮಾರು ಮೈನಸ್ 1 ಇತ್ತು. ಚಿನ್ನ ಮೊದಲ ಬಾರಿಗೆ ಔನ್ಸಿಗೆ 2,000 ಡಾಲರ್ ದಾಟಿತ್ತು. 2021ರ ಮಾರ್ಚ್ ಹೊತ್ತಿಗೆ ಇಳುವರಿ ಮೈನಸ್ 0.6ರ ಸುತ್ತ ಬಂತು. ‘ಇನ್ನೂ ಸೊನ್ನೆಗಿಂತ ಕೆಳಗೇ ಇದೆಯಲ್ಲ’ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಆದರೆ ಅದು ಮೇಲಕ್ಕೆ ಹೊರಟಿತ್ತು, ಚಿನ್ನ ಕೆಳಕ್ಕೆ. ಬಜೆಟ್‌ನಲ್ಲಿ ಆಮದು ಸುಂಕ ಇಳಿಸಿದ್ದೂ ಸೇರಿ ನಮ್ಮಲ್ಲಿ ಹತ್ತು ಗ್ರಾಂ 45 ಸಾವಿರದ ಆಸುಪಾಸಿಗೆ ಬಂತು. “ಬಳೆ ಮಾಡಿಸಿದ್ರೆ ಕೈಗಾದ್ರೂ ಇರ್ತಿತ್ತು” ಅಂದಳು ಹೆಂಡತಿ. ನನ್ನ ಹತ್ತಿರ ಉತ್ತರವಿರಲಿಲ್ಲ.

3. ಹಣದುಬ್ಬರದ ಸುದ್ದಿ ಕೇಳಿ ಚಿನ್ನದಂಗಡಿಗೆ ಓಡಬಾರದು

2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1 ಮುಟ್ಟಿತು. ಚಿನ್ನ ಇನ್ನು ಹಾರುತ್ತದೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದೆ. ಆಗಿದ್ದೇ ಬೇರೆ. ಮಾರುಕಟ್ಟೆ ಲೆಕ್ಕ ಹಾಕುವುದು ಮುಗಿದ ವರ್ಷದ ಹಣದುಬ್ಬರವನ್ನಲ್ಲ, ಮುಂದೆ ಬರಬಹುದಾದದ್ದನ್ನು. ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿಯನ್ನು ಸರಸರನೆ ಏರಿಸುತ್ತಿತ್ತು, ಬೆಲೆಯೇರಿಕೆ ಹತೋಟಿಗೆ ಬರುತ್ತದೆಂದು ಜನ ನಂಬಿದ್ದರು. ಟಿಪ್ಸ್ ಇಳುವರಿ ವರ್ಷದ ಆರಂಭದ ಮೈನಸ್ 1ರಿಂದ ಅಕ್ಟೋಬರ್‌ಗೆ ಪ್ಲಸ್ 1.5 ದಾಟಿತು, ಮಾರ್ಚ್‌ನಲ್ಲಿ 2,000 ಡಾಲರ್ ದಾಟಿದ್ದ ಚಿನ್ನ 1,650ಕ್ಕಿಂತ ಕೆಳಗಿಳಿಯಿತು. ನನ್ನ ಮರ್ಯಾದೆ ಅಷ್ಟಿಷ್ಟು ಉಳಿಸಿದ್ದು ರೂಪಾಯಿಯೇ. ಅದು ಡಾಲರಿಗೆ 74ರ ಆಸುಪಾಸಿನಿಂದ 82ಕ್ಕೆ ಕುಸಿಯಿತು, ಜುಲೈಯಲ್ಲಿ ಆಮದು ಸುಂಕವೂ ಏರಿತು. ಹಾಗಾಗಿ ಇಲ್ಲಿ ಬೆಲೆ ಅಷ್ಟಾಗಿ ಇಳಿಯಲಿಲ್ಲ.

4. ಕಲಿತದ್ದನ್ನು ಪೂರ್ತಿ ನಂಬಿದ್ದೂ ತಪ್ಪೇ

ಇಷ್ಟೆಲ್ಲ ಕಲಿತ ಹುಮ್ಮಸ್ಸಿನಲ್ಲಿ ದೊಡ್ಡ ಎಡವಟ್ಟು ಮಾಡಿದೆ. 2023ರ ಅಕ್ಟೋಬರ್‌ನಲ್ಲಿ ಟಿಪ್ಸ್ ಇಳುವರಿ ಶೇ 2.5ರ ಹತ್ತಿರ ಬಂದಾಗ ‘ಚಿನ್ನ ಇನ್ನು ಬೀಳುತ್ತದೆ’ ಎಂದು ಒಂದು ನಾಣ್ಯ ಮಾರಿಬಿಟ್ಟೆ. ಮುಂದಿನ ಒಂದು ವರ್ಷದಲ್ಲಿ ಹತ್ತು ಗ್ರಾಂ 75 ಸಾವಿರ ದಾಟಿತು. ಇದಕ್ಕೊಂದು ಕಾರಣ ನನ್ನ ಲೆಕ್ಕದ ಹೊರಗಿತ್ತು. 2022ರಲ್ಲಿ ರಷ್ಯಾದ ವಿದೇಶಿ ಮೀಸಲನ್ನು ಪಶ್ಚಿಮದ ದೇಶಗಳು ತಡೆಹಿಡಿದ ಮೇಲೆ ಹಲವು ದೇಶಗಳಿಗೆ ಡಾಲರ್ ಸಾಲಪತ್ರದ ಮೇಲೆ ಅನುಮಾನ ಹುಟ್ಟಿತ್ತು. 2022ರಿಂದ 2024ರವರೆಗೆ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ ಸಾವಿರ ಟನ್‌ಗೂ ಹೆಚ್ಚು ಚಿನ್ನ ಕೊಂಡವು. ಅವರು ಕೊಂಡದ್ದು ಭದ್ರತೆಗೆ. ಎಷ್ಟು ಬಡ್ಡಿ ತಪ್ಪಿತು ಎಂದು ನನ್ನ ಹಾಗೆ ಬೆರಳು ಮಡಚಿ ಎಣಿಸುವವರಲ್ಲ.

ಈಗಲೂ ತಿಂಗಳಿಗೊಮ್ಮೆ ಟಿಪ್ಸ್ ಇಳುವರಿ, ಡಾಲರ್ ದರ, ಸುಂಕ ಮೂರನ್ನೂ ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತೇನೆ. ಉಳಿದ ನಾಣ್ಯವಿರುವ ಬೀರುವಿನ ಕೀಲಿ ಮಾತ್ರ ಹೆಂಡತಿಯ ಹತ್ತಿರ ಇದೆ.