ಮೆಸೇಜಿಗೆ ಕಿರೀಟ ಬೇಡ: ಕೊರಿಯನ್‌ನಲ್ಲಿ ಪ್ರೀತಿ ಹೇಳುವಾಗ

ನಮ್ಮ ಗುಂಪಿನಲ್ಲಿ ಒಬ್ಬ ಬಂಟ್ವಾಳದವ, ಒಬ್ಬಳು ಬೆಳ್ತಂಗಡಿಯವಳು, ಉಳಿದವರು ಮೂಡುಬಿದಿರೆಯ ಆಸುಪಾಸಿನವರು. ಕೊರಿಯನ್ ಕಲಿಯುವ ಹುಚ್ಚು ಎಲ್ಲರಿಗೂ ಉಂಟು. ಡ್ರಾಮಾ ನೋಡಿ ಶುರುವಾದದ್ದು, ಈಗ ಅಕ್ಷರ ಓದುವಷ್ಟಕ್ಕೆ ಬಂದಿದೆ. ಬಂಟ್ವಾಳದ ಗೆಳೆಯ ನಮಗಿಂತ ಮುಂದೆ ಹೋಗಿದ್ದಾನೆ. ಭಾಷೆ ಕಲಿಯುವ ಆ್ಯಪಿನಲ್ಲಿ ಪರಿಚಯವಾದ ಕೊರಿಯಾದ ಹುಡುಗಿಯೊಬ್ಬಳ ಜೊತೆ ನಾಲ್ಕು ತಿಂಗಳಿಂದ ಮಾತಾಡುತ್ತಿದ್ದ. ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು ಅಂತ ಮೂರು ರಾತ್ರಿ ಕೂತು, ನಿಘಂಟು ನೋಡಿ, ಒಂದು ಮೆಸೇಜು ಬರೆದ. ಅವನ ಒಪ್ಪಿಗೆ ಪಡೆದೇ ಇಲ್ಲಿ ಹಾಕುತ್ತಿದ್ದೇವೆ:

```
그대여, 나는 당신을 진심으로 사랑합니다.
당신이 매우 그립습니다.
```

ಓದುವುದು ಹೀಗೆ: "ಗುದೆಯೊ, ನಾನುನ್ ದಾಂಗ್‌ಶಿನುಲ್ ಜಿನ್‌ಶಿಮುರೊ ಸರಾಂಗ್‌ಹಮ್ನಿದಾ. ದಾಂಗ್‌ಶಿನಿ ಮೆಊ ಗುರಿಪ್ಸುಮ್ನಿದಾ." ವ್ಯಾಕರಣದ ತಪ್ಪು ಒಂದೂ ಇಲ್ಲ. ಆಕಡೆಯಿಂದ ಬಂದ ಉತ್ತರ ಮಾತ್ರ ಇಷ್ಟೇ:

```
드라마 찍어요? ㅋㅋ
```

"ದುರಾಮಾ ಜ್ಜಿಗೊಯೊ?" ಅಂದರೆ "ಡ್ರಾಮಾ ಶೂಟಿಂಗ್ ಮಾಡ್ತಿದ್ದೀರಾ?" ಕೊನೆಯ ಎರಡು ಅಕ್ಷರ ನಗು. "ನಾನು ನಾಟಕ ಮಾಡ್ತಿದ್ದೇನೆ ಅಂದ್ಕೊಂಡಳು ಮಾರಾಯ, ಎಲ್ಲ ಮುಗೀತು" ಅಂತ ಅವನು ಆ್ಯಪನ್ನೇ ತೆಗೆದುಹಾಕಲು ಹೊರಟ. ಅವಳು ನಕ್ಕದ್ದು ಅವನ ಪ್ರೀತಿಯನ್ನಲ್ಲ, ಆ ಮೆಸೇಜಿನ ವೇಷವನ್ನು ಅಂತ ಅವನಿಗೆ ತಿಳಿಸಲು ನಮಗೆ ಒಂದು ಸಂಜೆ ಬೇಕಾಯಿತು.

ಮೊದಲು ಆ ಮೆಸೇಜು ಅವಳ ಕಿವಿಗೆ ಹೇಗೆ ಕೇಳಿತು ಅಂತ ನೋಡೋಣ. ನಮ್ಮ ಕಡೆ ಯಕ್ಷಗಾನ ನೋಡದವರು ಕಡಿಮೆ. ರಂಗಸ್ಥಳದಲ್ಲಿ ಕಿರೀಟ ಇಟ್ಟವನು ರಾಣಿಗೆ "ಪ್ರಾಣೇಶ್ವರಿ, ನಿನ್ನ ಅಗಲಿಕೆಯನ್ನು ಸಹಿಸಲಾರೆ" ಅಂದರೆ ನಾವು ತಲೆದೂಗುತ್ತೇವೆ. ಅಲ್ಲಿ ಅದೇ ಸರಿ. ಅದೇ ಮಾತನ್ನು ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ಹೇಳಿದರೆ ಪಕ್ಕದವರು ತಿರುಗಿ ನೋಡುತ್ತಾರೆ. ನಮ್ಮ ಗೆಳೆಯ ಮಾಡಿದ್ದು ಅದನ್ನೇ, ಆದರೆ ಅವನಿಗೆ ಗೊತ್ತಾಗಲಿಲ್ಲ. ಪರಭಾಷೆಯಲ್ಲಿ ಕಿರೀಟ ಯಾವುದು, ಟೋಪಿ ಯಾವುದು ಅಂತ ಕಣ್ಣಿಗೆ ಕಾಣುವುದಿಲ್ಲ.

ಇಲ್ಲಿ ಕನ್ನಡದವರಿಗೇ ಒಂದು ವಿಶೇಷ ಹೊಂಡ ಉಂಟು. ಕೊರಿಯನ್ ವಾಕ್ಯದ ಕಟ್ಟು ನಮ್ಮ ಹಾಗೆಯೇ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ಪದಗಳಿಗೆ ವಿಭಕ್ತಿಯಂಥ ಪ್ರತ್ಯಯಗಳು. "ನಾನು ನಿನ್ನನ್ನು ಪ್ರೀತಿಸುತ್ತೇನೆ" ಎಂಬುದನ್ನು ಪದಕ್ಕೆ ಪದ ಇಟ್ಟರೆ "ನಾನುನ್ ದಾಂಗ್‌ಶಿನುಲ್ ಸರಾಂಗ್‌ಹಮ್ನಿದಾ" ಆಗಿಯೇ ಬಿಡುತ್ತದೆ. ಇಷ್ಟು ಸಲೀಸಾಗಿ ಕೂತದ್ದು ಸರಿಯೇ ಇರಬೇಕು ಅನಿಸುತ್ತದೆ. ಆದರೆ ಸ್ವಲ್ಪ ಯೋಚಿಸಿ, ಕನ್ನಡದಲ್ಲೂ "ನಾನು ನಿನ್ನನ್ನು ಪ್ರೀತಿಸುತ್ತೇನೆ" ಅಂತ ಬಾಯಲ್ಲಿ ಹೇಳಿದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಈಗ ಅವನ ಮೆಸೇಜನ್ನು ಬಿಚ್ಚೋಣ. ವೇಷ ಕಟ್ಟಿದ್ದು ಮೂರು ಕಡೆ.

ಮೊದಲನೆಯದು "ನೀನು" ಎಂಬ ಪದ. ಅವನು ಎರಡು ಬಗೆ ಬಳಸಿದ್ದಾನೆ. 'ಗುದೆ' ಎಂಬುದು ಹಾಡು, ಕವಿತೆಗಳ ಪದ. ಅದರ ಕೊನೆಗೆ 'ಯೊ' ಸೇರಿಸಿದರೆ "ಓ ಪ್ರಿಯೆ" ಎಂಬ ಸಂಬೋಧನೆ. ಕೊರಿಯನ್ ಹಾಡುಗಳನ್ನು ಕೇಳುವವರ ಕಿವಿಗೆ ಇದು ಬೇಗ ಹತ್ತುತ್ತದೆ, ಮಾತಿನಲ್ಲಿ ಮಾತ್ರ ಯಾರೂ ಬಳಸುವುದಿಲ್ಲ. 'ದಾಂಗ್‌ಶಿನ್' ಇನ್ನೂ ಮೋಸದ್ದು. ನಿಘಂಟಿನಲ್ಲಿ "ನೀವು" ಅಂತ ಇರುತ್ತದೆ. ಬಳಕೆಯಲ್ಲಿ ನಡುವಯಸ್ಸಿನ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರೆ, ಹಾಡು ಜಾಹೀರಾತುಗಳಲ್ಲಿ ಬರುತ್ತದೆ. ರಸ್ತೆಯಲ್ಲಿ ಅಪರಿಚಿತರು ಜಗಳಕ್ಕೆ ನಿಂತಾಗಲೂ ಇದೇ ಪದ ಬರುತ್ತದೆ! ನಾಲ್ಕು ತಿಂಗಳ ಪರಿಚಯಕ್ಕೆ ಇದು ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ.

ಹಾಗಾದರೆ ಯಾವ ಪದ ಹಾಕಬೇಕು? ಹೆಚ್ಚಿನ ಸಲ ಯಾವುದೂ ಬೇಡ. ಇದು ನಮಗೆ ಕಷ್ಟವಾಗುವುದು ಏಕೆಂದರೆ ಕನ್ನಡದ ಕ್ರಿಯಾಪದದ ಬಾಲದಲ್ಲೇ ಆಳು ಕೂತಿರುತ್ತಾನೆ. "ಪ್ರೀತಿಸ್ತೇನೆ" ಅಂದರೆ ನಾನು, "ಪ್ರೀತಿಸ್ತಾಳೆ" ಅಂದರೆ ಅವಳು. ಕೊರಿಯನ್ ಕ್ರಿಯಾಪದದಲ್ಲಿ ಅದು ಇಲ್ಲ. 'ಸರಾಂಗ್‌ಹೆ' ಎಂಬುದರಲ್ಲಿ ನಾನೂ ಇಲ್ಲ, ನೀನೂ ಇಲ್ಲ. ಅರ್ಥ ಕೈತಪ್ಪೀತು ಎಂಬ ಹೆದರಿಕೆಯಿಂದ ನಾವು ಎರಡನ್ನೂ ತುರುಕುತ್ತೇವೆ. ಆದರೆ ಇಬ್ಬರೇ ಮಾತಾಡುವಲ್ಲಿ ಯಾರು ಯಾರಿಗೆ ಹೇಳಿದ್ದು ಅಂತ ಗೊತ್ತೇ ಇರುತ್ತದಲ್ವಾ? ನಮ್ಮ ಮನೆಗಳಲ್ಲಿ ಹಳೆಯ ಕಾಲದ ಹೆಂಗಸರು ಗಂಡನ ಹೆಸರೂ ಹೇಳದೆ, "ನೀವು" ಅಂತಲೂ ಅನ್ನದೆ, "ಹೋಯ್, ಕೇಳ್ತದಾ?" ಅಂತ ಸಂಸಾರ ನಡೆಸಿದ್ದಾರೆ. ಕರೆಯಲೇಬೇಕಾದರೆ ಮರ್ಯಾದೆಯ ಮಾತಿನಲ್ಲಿ ಹೆಸರಿನ ಕೊನೆಗೆ 'ಶ್ಶಿ' ಹಚ್ಚುತ್ತಾರೆ. ಏಕವಚನದ ಸಲಿಗೆ ಬಂದ ಮೇಲೆ ಸಮವಯಸ್ಕರ ಹೆಸರಿಗೆ 'ಆ' ಅಥವಾ 'ಯಾ' ಸೇರುತ್ತದೆ. ಜೋಡಿಗಳಾದ ಮೇಲೆ 'ಜಾಗಿಯಾ'.

ಎರಡನೆಯದು ಕ್ರಿಯಾಪದದ ಬಾಲ. ಪ್ರೀತಿಯ ಒಂದೇ ಮಾತಿಗೆ ಮುಖ್ಯವಾಗಿ ನಾಲ್ಕು ಬಾಲ ಉಂಟು. 'ಸರಾಂಗ್‌ಹೆ' ಸಲಿಗೆಯದು. 'ಸರಾಂಗ್‌ಹೆಯೊ' ಮರ್ಯಾದೆಯದು, ಆದರೆ ಮಾತಿನದೇ. 'ಸರಾಂಗ್‌ಹಮ್ನಿದಾ' ವೇದಿಕೆಯದು. ಹಾಡುಗಾರರು ಮೈಕು ಹಿಡಿದು ಸಾವಿರ ಜನಕ್ಕೆ ಹೇಳುವುದು ಇದನ್ನೇ. 'ಸರಾಂಗ್‌ಹಾಂದಾ' ಬರವಣಿಗೆಯ ರೂಪ. ಮಾತಿನಲ್ಲಿ ಬಂದರೆ ಘೋಷಣೆಯ ಗಾಂಭೀರ್ಯ, ಅಪ್ಪ ಮಗನಿಗೆ ಹೇಳಿದ ಹಾಗೆ. ನಮ್ಮ ಗೆಳೆಯನ ಪಠ್ಯಪುಸ್ತಕ 'ಮ್ನಿದಾ' ರೂಪದಿಂದಲೇ ಶುರುವಾಗಿತ್ತು. ಅದೇ ಹೆಚ್ಚು ಮರ್ಯಾದೆಯದು ಅಂತ ಅವನು ಅದನ್ನೇ ಹಿಡಿದ. ಮರ್ಯಾದೆ ಬಂತು, ಜೊತೆಗೆ ಮೈಕೂ ಬಂತು.

ಯಾವ ಬಾಲ ಹಾಕಬೇಕು ಅಂತ ತಿಳಿಯಲು ನಿಘಂಟು ಬೇಡ. ಅವಳ ಕೊನೆಯ ಹತ್ತು ಮೆಸೇಜು ತೆಗೆದು ನೋಡಿದರೆ ಸಾಕು. ವಾಕ್ಯಗಳು 'ಯೊ' ಅಂತ ಮುಗಿದಿದ್ದರೆ ನಮ್ಮದೂ 'ಯೊ'. ಅವಳ ಎಲ್ಲ ಮೆಸೇಜುಗಳೂ 'ಯೊ' ಇದ್ದವು, ಆ "ದುರಾಮಾ ಜ್ಜಿಗೊಯೊ" ಕೂಡ. ಅದನ್ನು ಬಿಟ್ಟು ಒಮ್ಮೆಲೇ ಸಲಿಗೆಗೆ ಇಳಿದರೂ ತಪ್ಪೇ. ತುಳುವಿನಲ್ಲಿ 'ಈರ್' ಅನ್ನುತ್ತಿದ್ದವರಿಗೆ ಹೇಳದೆ ಕೇಳದೆ 'ಈ' ಅಂದ ಹಾಗೆ. ಕೊರಿಯನ್ನರು ಅದಕ್ಕೆ ಮೊದಲು "ಮಾಲ್ ನೊಉಲ್‌ಕ್ಕಾಯೊ?" ಅಂತ ಕೇಳುತ್ತಾರೆ. "ಮಾತು ಸಡಿಲ ಬಿಡೋಣವಾ?" ಎಂದರ್ಥ.

ಮೂರನೆಯದು ಪದಗಳ ತೂಕ. "ನೆನಪಾಗ್ತಿದೆ" ಅನ್ನಲು ಅವನು 'ಗುರಿಪ್ತಾ' ಎಂಬ ಪದ ಹಿಡಿದಿದ್ದಾನೆ. ಅದು ಕೈಗೆ ಸಿಗದ ಊರು, ಕಳೆದುಹೋದ ಕಾಲ, ತೀರಿಹೋದವರು, ಇಂಥವುಗಳ ಹಂಬಲಕ್ಕೆ ಒಪ್ಪುವ, ಬರವಣಿಗೆಯ ಕಡೆ ವಾಲುವ ಪದ. ನಿನ್ನೆ ವಿಡಿಯೋ ಕಾಲ್‌ನಲ್ಲಿ ಕಂಡವಳಿಗೆ ಬೇಕಾದದ್ದು 'ಬೊಗೊ ಶಿಪೊಯೊ', ಅಂದರೆ "ನೋಡ್ಬೇಕು ಅನಿಸ್ತದೆ". 'ಮೆಊ' ಎಂಬುದು ನಮ್ಮ "ಅತ್ಯಂತ". ಮಾತಿನಲ್ಲಿ ಆ ಜಾಗಕ್ಕೆ 'ಜಿನ್‌ಜ್ಜಾ' ಅಥವಾ 'ನೊಮು' ಬರುತ್ತದೆ. ಇನ್ನು 'ಸರಾಂಗ್' ಎಂಬ ಧಾತುವೇ ಮೊದಲ ಸಲಕ್ಕೆ ಭಾರ. ಇನ್ನೂ ಜೋಡಿಯಾಗದವರು ಮನಸ್ಸು ಹೇಳುವಾಗ ಸಾಮಾನ್ಯವಾಗಿ 'ಜೋಆಹೆಯೊ', "ಇಷ್ಟ", ಅನ್ನುತ್ತಾರೆ. 'ಸರಾಂಗ್' ಆಮೇಲೆ ಬರುತ್ತದೆ.

ಇಷ್ಟು ತಿಳಿದ ಮೇಲೆ ಎಲ್ಲರೂ ಕೂತು ಹೊಸದಾಗಿ ಬರೆದೆವು. ಮೊದಲು 'ಗುದೆಯೊ' ತೆಗೆದೆವು. ಎರಡೂ 'ದಾಂಗ್‌ಶಿನ್' ತೆಗೆದೆವು, 'ನಾನುನ್' ಕೂಡ. 'ಮ್ನಿದಾ' ಹೋಗಿ 'ಯೊ' ಬಂತು. ಆಗ ಉಳಿದದ್ದು ತೀರಾ ಸಣ್ಣದಾಯಿತು, "ಇದರಲ್ಲಿ ಎಂತದೂ ಇಲ್ಲ" ಅಂತ ಅವನ ತಕರಾರು. "ಇವತ್ತು ನಿಜವಾಗಿ ಎಂತ ಆಯ್ತು, ಅದನ್ನು ಹೇಳು" ಅಂದಳು ಬೆಳ್ತಂಗಡಿಯವಳು. ಲ್ಯಾಬಿನಲ್ಲಿ ಇಡೀ ದಿನ ಅವಳದೇ ಯೋಚನೆ ಇತ್ತಂತೆ. ಸರಿ, ಅದನ್ನೇ ಹಾಕಿದೆವು:

```
오늘 하루 종일 생각났어요.
보고 싶어요.
```

"ಓನುಲ್ ಹಾರು ಜೊಂಗಿಲ್ ಸೆಂಗ್‌ಗಾಂಗ್‌ನಾಸ್ಸೊಯೊ. ಬೊಗೊ ಶಿಪೊಯೊ." ಇವತ್ತಿಡೀ ದಿನ ನೆನಪಾಗ್ತಿತ್ತು, ನೋಡ್ಬೇಕು ಅನಿಸ್ತದೆ. ಪ್ರೀತಿ ಎಂಬ ಪದ ಇಲ್ಲ, ನಾನು ಇಲ್ಲ, ನೀನು ಇಲ್ಲ. ಆದರೂ ಕೊರಿಯನ್ ಓದುವವರಿಗೆ ಸಂಶಯ ಉಳಿಯುವುದಿಲ್ಲ.

ಸಲಿಗೆಯ ಹಂತಕ್ಕೆ ಹೋದ ಮೇಲೆ "ನಿನ್ನ ನೆನಪು" ಅನ್ನಬೇಕಾದರೆ ಒಂದು ಸಣ್ಣ ವಿಷಯ. "ನಿನ್ನ" ಎಂಬುದನ್ನು ಪುಸ್ತಕದಲ್ಲಿ 네 ಅಂತ ಬರೆಯುತ್ತಾರೆ, "ನನ್ನ" ಎಂಬುದು 내. ಎರಡೂ ಕಿವಿಗೆ 'ನೆ' ಅಂತಲೇ ಕೇಳುವುದರಿಂದ ಮಾತಿನಲ್ಲಿ ಮೊದಲನೆಯದನ್ನು 'ನಿ' ಅನ್ನುತ್ತಾರೆ. ಚಾಟಿನಲ್ಲಿ 니 ಅಂತಲೇ ಬರೆಯುವವರೂ ಬಹಳ. ಆದರೆ ವಯಸ್ಸಿನಲ್ಲಿ ದೊಡ್ಡವರಿಗೆ, ಸಲಿಗೆ ಇದ್ದರೂ, ಈ 'ನಿ' ಒರಟಾಗಿ ಕೇಳಬಹುದು. ಅಲ್ಲಿ ಹುಡುಗ ತನಗಿಂತ ದೊಡ್ಡವಳಿಗೆ 'ನುನಾ', ಹುಡುಗಿ ದೊಡ್ಡವನಿಗೆ 'ಓಪ್ಪಾ' ಅಂದು "ನೀನು" ಪದವನ್ನೇ ದಾಟಿಬಿಡುತ್ತಾರೆ.

ಮೆಸೇಜು ನಾಟಕೀಯವಾಯಿತು ಅಂತ ಉತ್ತರದಲ್ಲೇ ಗೊತ್ತಾಗುತ್ತದೆ. ಡ್ರಾಮಾದ ತಮಾಷೆ ಬಂದರೆ ಚಿಂತೆ ಬೇಡ. 'ಓಗುಲ್‌ಗೊರ್ಯೊಯೊ' ಅಂದರೆ ಕೇಳಿ ಕೈಕಾಲು ಮುದುಡಿತು, ಮುಜುಗರವಾಯ್ತು ಅಂತ. ಇದರಲ್ಲೂ ಸಲಿಗೆ ಉಳಿದಿರುತ್ತದೆ. ಎಚ್ಚರ ಬೇಕಾದದ್ದು ಸಲಿಗೆಯಲ್ಲಿ ಮಾತಾಡುತ್ತಿದ್ದವರು ಸುಮ್ಮನೆ 'ಯೊ'ಗೆ, 'ಯೊ' ಅನ್ನುತ್ತಿದ್ದವರು 'ಮ್ನಿದಾ'ಗೆ ಹಿಂದೆ ಸರಿದಾಗ. ಅದು ದೂರ ಇಟ್ಟ ಲಕ್ಷಣವಾಗಿರಬಹುದು.

ಹಾಗಂತ ಪುಸ್ತಕದ ರೂಪ ಕೆಟ್ಟದ್ದೇನಲ್ಲ. ಮೇ 8ರಂದು ಕೊರಿಯಾದಲ್ಲಿ ಹೆತ್ತವರ ದಿನ. ಆ ದಿನದ ಕಾರ್ಡಿನಲ್ಲಿ ಅಪ್ಪ ಅಮ್ಮನಿಗೆ 'ಸರಾಂಗ್‌ಹಮ್ನಿದಾ' ಬರೆದರೆ ಎಷ್ಟೂ ಅತಿಯಾಗದು. ಕೈಬರಹದ ಕಾಗದ, ಮದುವೆಯ ವೇದಿಕೆ, ಅಲ್ಲೆಲ್ಲ ಅದಕ್ಕೆ ಅದರದೇ ಜಾಗ ಉಂಟು.

ನಮ್ಮ ಊರಿನವರಿಗೆ ಇದು ಬೇಗ ಅರ್ಥವಾಗಬೇಕು. ನಾವು ಹಲವರು ಮನೆಯಲ್ಲಿ ತುಳು ಆಡಿ, ಕನ್ನಡವನ್ನು ಶಾಲೆಯಲ್ಲಿ ಕಲಿತವರು. ಬೆಂಗಳೂರಿಗೆ ಇಂಟರ್ನ್‌ಶಿಪ್‌ಗೆ ಹೋದಾಗ "ನೀವು ಪುಸ್ತಕ ಓದಿದ ಹಾಗೆ ಮಾತಾಡ್ತೀರ" ಅಂತ ನಗಿಸಿಕೊಂಡವರೂ ನಾವೇ. ತುಳುವಿನಲ್ಲಿ ಪ್ರೀತಿಗೆ 'ಮೋಕೆ' ಎಂಬ ಚಂದದ ಪದ ಉಂಟು, ಆದರೆ ದಿನಾ ಕೇಳುವುದು "ವಣಸ್ ಆಂಡಾ?" ಅಂತ ಮಾತ್ರ. ಊಟ ಆಯ್ತಾ ಅಂತ.

ಎರಡನೆಯ ಮೆಸೇಜಿಗೆ ಉತ್ತರ ಬಂತು. 'ನಾದೋಯೊ', ನನಗೂ. ಅದರ ಕೆಳಗೆ ಇನ್ನೊಂದು ಸಾಲು:

```
밥 먹었어요?
```

"ಬಾಪ್ ಮೊಗೊಸ್ಸೊಯೊ?" ಅವನು ನಮ್ಮ ಮುಖ ನೋಡಿದ. ಅನ್ನ ಉಂಡಿರಾ ಅಂತ ಕೇಳಿದ್ದು, ಅಷ್ಟೇ. ಅದನ್ನು ನಾವು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.